ಸ್ಕಾಲರ್‌ಶಿಪ್ ಪೋಸ್ಟ್‌ನಲ್ಲಿ ಮೊದಲು ಬರಬೇಕಾದ ಸಂಖ್ಯೆ

ಜೂನ್, ಜುಲೈ ಬಂತೆಂದರೆ ಉಡುಪಿ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ವಿದ್ಯಾರ್ಥಿವೇತನದ ಪೋಸ್ಟ್‌ಗಳದ್ದೇ ಕಾರುಬಾರು. ಟ್ರಸ್ಟ್‌ಗಳಿಗೆ ಇಂಥ ಪ್ರಕಟಣೆ ಬರೆದುಕೊಡುವುದು, ಬಂದ ಅರ್ಜಿ ವಿಂಗಡಿಸುವುದು ನನ್ನ ಕೆಲಸ. ಕೈಗೆ ಬರುವ ಕರಡುಗಳಲ್ಲಿ ಅಧ್ಯಕ್ಷರ ಫೋಟೊ ಇರುತ್ತದೆ, ದಾನಿಗಳ ಹೆಸರು ಇರುತ್ತದೆ. ಎಷ್ಟು ಮಕ್ಕಳಿಗೆ ಕೊಡುತ್ತಾರೆ ಎನ್ನುವುದು ಮಾತ್ರ ಇರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಟ್ರಸ್ಟ್‌ನ ಕೈಯಲ್ಲಿ ಈ ವರ್ಷ 2,40,000 ರೂಪಾಯಿ ಇದೆ. ತಲಾ 8,000 ಎಂದರೆ 30 ಮಕ್ಕಳು. ಕರಡಿನಲ್ಲಿ ಬರೆದದ್ದು ಹೀಗೆ: ‘ಬಡ ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಸುವರ್ಣಾವಕಾಶ! ಅರ್ಹರೆಲ್ಲರೂ ಸದುಪಯೋಗ ಪಡೆದುಕೊಳ್ಳಿ.’ ಬೈಂದೂರಿನಲ್ಲಿ ಬೀಡಿ ಕಟ್ಟುವ ತಾಯಿ ಇದನ್ನು ಓದಿದರೆ ಏನು ತಿಳಿದುಕೊಳ್ಳುತ್ತಾರೆ? ಮಗಳು ಅರ್ಹಳು, ಹಾಗಾದರೆ ದುಡ್ಡು ಬಂದ ಹಾಗೆಯೇ. ‘ಟ್ರಸ್ಟ್‌ನಿಂದ ಬರ್ತದೆ, ಸ್ವಲ್ಪ ನಿಲ್ಲಿ’ ಎಂದು ಕಾಲೇಜಿನಲ್ಲಿ ಹೇಳಿ ಬರುತ್ತಾರೆ. ಬೇರೆ ಕಡೆ ಅರ್ಜಿ ಹಾಕುವುದನ್ನೂ ಬಿಡುತ್ತಾರೆ. ಅಲ್ಲೇ ಪೆಟ್ಟು ಬೀಳುವುದು.

ನಾನಾದರೆ ಅದನ್ನು ಹೀಗೆ ಬರೆಯುತ್ತೇನೆ:

‘ಉಡುಪಿ ಜಿಲ್ಲೆಯಲ್ಲಿ ಈ ವರ್ಷ ಪದವಿಗೆ ಸೇರಿದ 30 ಮಂದಿಗೆ ತಲಾ 8,000 ರೂ. ಈ ಒಂದು ವರ್ಷಕ್ಕೆ ಮಾತ್ರ. ದ್ವಿತೀಯ ಪಿಯುಸಿಯಲ್ಲಿ ಶೇ. 60 ಅಂಕ, ಕುಟುಂಬದ ವಾರ್ಷಿಕ ಆದಾಯ 2 ಲಕ್ಷದೊಳಗೆ ಇರಬೇಕು. ಅರ್ಹರು ಹೆಚ್ಚಿದ್ದರೆ ಆದಾಯ ಕಡಿಮೆ ಇರುವವರಿಗೆ ಮೊದಲ ಆದ್ಯತೆ. ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ. ಹಣ ಅಕ್ಟೋಬರ್‌ನಲ್ಲಿ ಬರುತ್ತದೆ, ಇದನ್ನು ನಂಬಿ ಫೀಸು ನಿಲ್ಲಿಸಬೇಡಿ. ಅರ್ಜಿ 2026 ಆಗಸ್ಟ್ 14, ಶುಕ್ರವಾರ ಸಂಜೆ 5ರೊಳಗೆ ನಮ್ಮ ಕಚೇರಿಗೆ ತಲುಪಬೇಕು. ಅರ್ಜಿಗೆ ಶುಲ್ಕ ಇಲ್ಲ.’

‘ಸಿಗುವುದಿಲ್ಲ’ ಎಂಬ ಮಾತು ಕಮಿಟಿಯವರಿಗೆ ಒರಟು ಅನ್ನಿಸುತ್ತದೆ. ‘ಷರತ್ತುಗಳು ಅನ್ವಯ’ ಅಂತ ಹಾಕಿದರೆ ಸಾಕಲ್ವಾ ಎಂದು ಕೇಳುತ್ತಾರೆ. ಸಾಲದು. ಆ ಷರತ್ತು ಏನೆಂದು ಓದುವವರಿಗೆ ಗೊತ್ತೇ ಆಗುವುದಿಲ್ಲ. 30 ಎಂಬ ಸಂಖ್ಯೆ ಎದುರಿಗಿದ್ದರೆ ಸಿಗುತ್ತದೋ ಇಲ್ಲವೋ ಎಂದು ಅವರೇ ಅಂದಾಜು ಮಾಡುತ್ತಾರೆ.

ದಿನಾಂಕವನ್ನು 14 ಎಂದು ಇಟ್ಟದ್ದು ಸುಮ್ನೆ ಅಲ್ಲ. 15 ಸ್ವಾತಂತ್ರ್ಯ ದಿನ, 16 ಭಾನುವಾರ. ವಾರದ ಹೆಸರು ಹಾಕಿದರೆ ಇಂಥ ಎಡವಟ್ಟು ಬರೆಯುವವರಿಗೇ ಕಾಣುತ್ತದೆ. ‘ತಲುಪಬೇಕು’ ಎನ್ನುವುದೂ ಬೇಕು. ಇಲ್ಲದಿದ್ದರೆ ಆ ದಿನ ಅಂಚೆಗೆ ಹಾಕಿದವರು ಜಗಳಕ್ಕೆ ಬರುತ್ತಾರೆ, ಅವರದ್ದು ತಪ್ಪೂ ಅಲ್ಲ.

ದಾಖಲೆ ಕಡಿಮೆ ಕೇಳಿದಷ್ಟು ಒಳ್ಳೆಯದು. ಅಂಕಪಟ್ಟಿ, ಈ ವರ್ಷದ ಫೀಸು ರಶೀದಿ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್‌ನ ಮೊದಲ ಪುಟ, ಎಲ್ಲದರ ಜೆರಾಕ್ಸ್. ಇಷ್ಟು ಸಾಕು. ಮೂಲ ಪ್ರತಿ ಕಳಿಸಬೇಡಿ ಎಂದು ಬಿಡಿಸಿ ಬರೆಯಬೇಕು. ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರಬೇಕು, ಅದಕ್ಕೆ ದಿನ ಹಿಡಿಯುತ್ತದೆ. ಹಾಗಾಗಿ ಪೋಸ್ಟ್ ಹಾಕಿ ಕೊನೆಯ ದಿನಾಂಕಕ್ಕೆ ಒಂದು ತಿಂಗಳಾದರೂ ಬಿಡಬೇಕು. ಆದಾಯ ಪ್ರಮಾಣಪತ್ರ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ‘ಅವಧಿ ಮುಗಿಯದ ಹಳೆಯದೂ ನಡೆಯುತ್ತದೆ’ ಎಂದು ಒಂದು ಸಾಲು ಹಾಕಿದರೆ ಎಷ್ಟೋ ಮಂದಿಗೆ ಓಡಾಟ ತಪ್ಪುತ್ತದೆ. ರೇಷನ್ ಕಾರ್ಡ್ ಅದರ ಬದಲಿಗೆ ಆಗುತ್ತದೋ ಇಲ್ಲವೋ ಎಂಬುದನ್ನೂ ಹೇಳಿಬಿಡಿ. ಫೋನ್ ಮಾಡಿ ಜಾಸ್ತಿ ಕೇಳುವುದು ಅದನ್ನೇ.

ಪಾಸ್‌ಬುಕ್‌ನಲ್ಲಿ ನಮ್ಮ ಕರಾವಳಿಗೇ ಒಂದು ತೊಡಕಿದೆ. ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ 2020ರಲ್ಲಿ ಸೇರಿದವು. ವಿಜಯಾ ಬ್ಯಾಂಕ್ 2019ರಲ್ಲೇ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತ್ತು. ಮನೆಯಲ್ಲಿರುವುದು ಮಾತ್ರ ಹಳೆಯ ಪಾಸ್‌ಬುಕ್. ಅದರಲ್ಲಿರುವ ಐಎಫ್‌ಎಸ್‌ಸಿ ಈಗ ನಡೆಯುವುದಿಲ್ಲ. ಆಯ್ಕೆಯಾದ ಮೇಲೂ ಹಣ ಖಾತೆಗೆ ಹೋಗದೆ ವಾಪಸ್ ಬರುತ್ತದೆ. ‘ಈಗಿನ ಐಎಫ್‌ಎಸ್‌ಸಿ ಇರುವ ಪಾಸ್‌ಬುಕ್’ ಎಂದೇ ಕೇಳಿ.

ಇನ್ನೊಂದು ವಿಷಯ. ಫಾರ್ವರ್ಡ್ ಆಗುವಾಗ ಎಷ್ಟೋ ಸಲ ಚಿತ್ರ ಮಾತ್ರ ಹೋಗುತ್ತದೆ, ಕೆಳಗಿನ ಬರಹ ಉದುರಿಹೋಗುತ್ತದೆ. ಆದ್ದರಿಂದ ಸಂಖ್ಯೆ, ಅರ್ಹತೆ, ಕೊನೆಯ ದಿನಾಂಕ ಚಿತ್ರದ ಮೇಲೂ ಇರಲಿ, ವರ್ಷದ ಸಮೇತ. ವರ್ಷ ಇಲ್ಲದ ಪೋಸ್ಟ್ ಮುಂದಿನ ಜೂನ್‌ನಲ್ಲಿ ಮತ್ತೆ ತಿರುಗುತ್ತದೆ, ಮುಗಿದುಹೋದ ಯೋಜನೆಗೆ ಜನ ಅರ್ಜಿ ಹಿಡಿದುಕೊಂಡು ಬರುತ್ತಾರೆ. ಅಧ್ಯಕ್ಷರ ಫೋಟೊಗೆ ಜಾಗ ಸಾಲದಿದ್ದರೆ ಸ್ವಲ್ಪ ಸಣ್ಣದು ಮಾಡಬಹುದು, ಬೇಸರಿಸಿಕೊಳ್ಳಲಿಕ್ಕಿಲ್ಲ.

ಆಯ್ಕೆಯಾಗದವರಿಗೆ ಏನು ಹೇಳುತ್ತೀರಿ ಎನ್ನುವುದನ್ನೂ ಮೊದಲ ಪೋಸ್ಟ್‌ನಲ್ಲೇ ಬರೆಯಿರಿ: ‘ಫಲಿತಾಂಶ ಸೆಪ್ಟೆಂಬರ್ 15ಕ್ಕೆ. ಆಯ್ಕೆಯಾಗದವರಿಗೂ ಅದೇ ದಿನ ಸಂದೇಶ ಕಳಿಸುತ್ತೇವೆ.’ ಆ ಸಂದೇಶ ಕಳಿಸಲು ಒಬ್ಬರನ್ನು ಈಗಲೇ ಗೊತ್ತುಮಾಡಿಟ್ಟುಕೊಳ್ಳಿ.