ಎರಡು ಬ್ಯಾಟರಿ, ಒಂದು ಮೈನಸ್: ಲೆಕ್ಕ ತಪ್ಪಾಯಿತಾ?

ಪ್ರಶ್ನೆ: ಸರ್ಕ್ಯೂಟಿನಲ್ಲಿ ಎರಡು ಬ್ಯಾಟರಿ ಇದ್ದಾಗ ಕರೆಂಟ್ ಯಾವ ಕಡೆ ಹರಿಯುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ. ಹಾಗಿದ್ದರೆ ಸಮೀಕರಣ ಬರೆಯುವುದು ಹೇಗೆ? ನನಗೆ ಒಂದು ಕರೆಂಟ್ ಮೈನಸ್ ಬಂತು. (ದ್ವಿತೀಯ ಪಿಯು ವಿದ್ಯಾರ್ಥಿನಿ, ರಾಜಾಜಿನಗರ)

ಉತ್ತರ: ಗೊತ್ತಿರಬೇಕಾಗಿಯೇ ಇಲ್ಲ. ಬಾಣದ ಗುರುತನ್ನು ಸುಮ್ನೆ ಒಂದು ಕಡೆಗೆ ಹಾಕಿಬಿಡಿ. ಆಮೇಲೆ ಮಾತ್ರ ಅದನ್ನು ಮುಟ್ಟಬೇಡಿ.

ಒಂದು ಲೆಕ್ಕ ಮಾಡಿಯೇ ನೋಡೋಣ. 12 ವೋಲ್ಟ್ ಬ್ಯಾಟರಿ, ಒಳರೋಧ 2 ಓಮ್. 6 ವೋಲ್ಟ್ ಬ್ಯಾಟರಿ, ಒಳರೋಧ 1 ಓಮ್. ಎರಡರ ಪ್ಲಸ್ ತುದಿಗಳೂ ಮೇಲಿನ ಜಂಕ್ಷನ್‌ಗೆ, ಮೈನಸ್ ತುದಿಗಳು ಕೆಳಗಿನದಕ್ಕೆ ಸೇರಿವೆ. ಎರಡು ಜಂಕ್ಷನ್‌ಗಳ ನಡುವೆ 6 ಓಮ್ ರೆಸಿಸ್ಟರ್ ಇದೆ. ಬ್ಯಾಟರಿಗಳಿಂದ I1, I2 ಮೇಲಕ್ಕೆ ಹರಿದು, ರೆಸಿಸ್ಟರಿನಲ್ಲಿ I3 ಕೆಳಗಿಳಿಯುತ್ತದೆ ಎಂದುಕೊಳ್ಳಿ.

ಜಂಕ್ಷನ್‌ಗೆ ಬಂದಷ್ಟೇ ಕರೆಂಟ್ ಹೊರಗೂ ಹೋಗಬೇಕು. ಲೂಪ್ ಒಂದು ಸುತ್ತು ಹಾಕಿದರೆ ವೋಲ್ಟೇಜಿನ ಏರಿಳಿತ ಸೊನ್ನೆಯಾಗಬೇಕು. ಪ್ರತಿ ಬ್ಯಾಟರಿಯನ್ನೂ ರೆಸಿಸ್ಟರ್ ಜೊತೆ ಸೇರಿಸಿ ಒಂದೊಂದು ಸುತ್ತು ಹಾಕಿದರೆ:

```
I3 = I1 + I2
12 - 2·I1 - 6·I3 = 0
 6 - 1·I2 - 6·I3 = 0
```

ಜಾಸ್ತಿ ಜನ ಎಡವುವುದು ಇಲ್ಲೇ. ಬ್ಯಾಟರಿಯ ಚಿಹ್ನೆಗೂ ಕರೆಂಟಿನ ಬಾಣಕ್ಕೂ ಸಂಬಂಧವಿಲ್ಲ. ನೀವು ನಡೆಯುವ ದಾರಿಯಲ್ಲಿ ಮೈನಸ್‌ನಿಂದ ಪ್ಲಸ್‌ಗೆ ದಾಟಿದರೆ ಕೂಡಿಸಿ, ಪ್ಲಸ್‌ನಿಂದ ಮೈನಸ್‌ಗೆ ದಾಟಿದರೆ ಕಳೆಯಿರಿ. ಬಾಣ ನೋಡಬೇಕಾದದ್ದು ರೋಧಗಳಲ್ಲಿ ಮಾತ್ರ: ಬಾಣದ ಜೊತೆ ನಡೆದರೆ IR ಕಳೆಯಿರಿ, ಎದುರು ನಡೆದರೆ ಕೂಡಿಸಿ.

I3 ತೆಗೆದು ಅದರ ಜಾಗಕ್ಕೆ I1 + I2 ಹಾಕಿದರೆ ಎರಡೇ ಸಾಲು ಉಳಿಯುತ್ತವೆ:

```
4·I1 + 3·I2 = 6
6·I1 + 7·I2 = 6
```

ಮೊದಲನೆಯದನ್ನು 3ರಿಂದ, ಎರಡನೆಯದನ್ನು 2ರಿಂದ ಗುಣಿಸಿ ಕಳೆದರೆ 5·I2 = -6. ಅಂದರೆ I2 = -1.2 ಆಂಪಿಯರ್, I1 = 2.4, I3 = 1.2.

ಇದೇ ಅಲ್ವಾ ನಿಮ್ಮ ಮೈನಸ್? ತಪ್ಪೇನಿಲ್ಲ. ಆ ಕರೆಂಟ್ ನಿಮ್ಮ ಬಾಣಕ್ಕೆ ಎದುರಾಗಿ ಹರಿಯುತ್ತಿದೆ, ಅಷ್ಟೆ. ದೊಡ್ಡ ಬ್ಯಾಟರಿ ಚಿಕ್ಕದನ್ನು ಚಾರ್ಜ್ ಮಾಡುತ್ತಿದೆ. ಜಂಕ್ಷನ್‌ಗಳ ನಡುವೆ 6 × 1.2 = 7.2 ವೋಲ್ಟ್ ಇದೆ. 6 ವೋಲ್ಟ್ ಬ್ಯಾಟರಿಗೆ ಅದು ಹೆಚ್ಚೇ, ಹಾಗಾಗಿ ಕರೆಂಟ್ ಅದರೊಳಕ್ಕೇ ನುಗ್ಗುತ್ತದೆ.

ಎರಡೂ ಬ್ಯಾಟರಿ ಇರುವ ಹೊರಗಿನ ಲೂಪಿನಿಂದ ತಾಳೆ ನೋಡಬಹುದು: 12 - 4.8 - 1.2 - 6 = 0. ಆದರೆ ಆ ಲೂಪು ಮೊದಲಿನ ಎರಡರ ವ್ಯತ್ಯಾಸವೇ, ಹೊಸ ಸಮೀಕರಣವಲ್ಲ. ಕೂಡಿ ಕಳೆಯುವಾಗಿನ ತಪ್ಪನ್ನು ಅದು ಹಿಡಿಯುತ್ತದೆ. ಶುರುವಿನಲ್ಲೇ ಚಿಹ್ನೆ ತಪ್ಪು ಬರೆದಿದ್ದರೆ ಹಿಡಿಯದೇ ಹೋಗಬಹುದು.

ಎಸ್.ಪಿ. ರೋಡಿನಿಂದ ಸಾಮಾನು ತಂದು ಮಾಡಿ ನೋಡುವವರಿಗೆ ಒಂದು ಮಾತು: ಆ 6 ಓಮ್ ರೆಸಿಸ್ಟರಿನಲ್ಲಿ ಸುಮಾರು 8.6 ವಾಟ್ ಶಾಖ ಹುಟ್ಟುತ್ತದೆ. ಕಾಲು ವಾಟಿನದು ಸುಟ್ಟೇ ಹೋಗುತ್ತದೆ. ಚಿಕ್ಕ ಬ್ಯಾಟರಿಯ ಜಾಗದಲ್ಲಿ ರೀಚಾರ್ಜ್ ಆಗದ ಸೆಲ್‌ಗಳನ್ನು ಹಾಕಲೇಬೇಡಿ.

ಈಗ 6 ಓಮ್ ಬದಲು 2 ಓಮ್ ಹಾಕಿ ಲೆಕ್ಕ ಮಾಡಿ. I2 ಸರಿಯಾಗಿ ಸೊನ್ನೆ ಬರುತ್ತದೆ. 1 ಓಮ್‌ಗೆ ಇಳಿಸಿದರೆ I2 = +1.2: ಚಿಕ್ಕ ಬ್ಯಾಟರಿಯೂ ಕರೆಂಟ್ ಕೊಡತೊಡಗುತ್ತದೆ.