ಕಪ್ಪು ಕೂದಲ ಒಳಗಿನ ಕಿತ್ತಳೆ

ಪಾರ್ಲರಿನ ಶೇಡ್ ಕಾರ್ಡಿನಲ್ಲಿ 7.1 ಅಂದರೆ ಬೂದು ಛಾಯೆಯ ತಿಳಿಗಂದು. ಬಳ್ಳಾರಿಯಲ್ಲಿ ಮದುವೆ ಸೀಜನ್ ಬಂತೆಂದರೆ ಇದನ್ನೇ ತೋರಿಸಿ "ಇದು ಬೇಕ್ರೀ" ಅನ್ನುವವರು ಬಹಳ. ಆದರೆ ಕಾರ್ಡಿನ ಮೇಲಿನ ಎಳೆಗಳು ಸಾಮಾನ್ಯವಾಗಿ ಬಿಳಿ ನಾರಿಗೆ ಬಣ್ಣ ಹಾಕಿ ಮಾಡಿದವು. ನಮ್ಮ ಕೂದಲಿನ ಒಳಗೆ ಮೊದಲೇ ಒಂದು ಬಣ್ಣ ಕುಳಿತಿರುತ್ತದೆ, ಹಚ್ಚಿದ ಬಣ್ಣ ಅದರ ಜೊತೆ ಬೆರೆತೇ ಕಣ್ಣಿಗೆ ಕಾಣುತ್ತದೆ.

ಕೂದಲಿನ ಗಾಢತೆಯನ್ನು 1ರಿಂದ 10ರವರೆಗೆ ಅಳೆಯುತ್ತಾರೆ. 1 ಕಡುಗಪ್ಪು, 10 ಅತಿ ತಿಳಿ ಹೊಂಬಣ್ಣ. ನಮ್ಮ ಕಡೆಯವರ ಕೂದಲು ಹೆಚ್ಚಾಗಿ 1ರಿಂದ 3ರೊಳಗೆ. ಈ ಬಣ್ಣ ಕೊಡುವ ಮೆಲನಿನ್ ಎರಡು ಬಗೆಯದು. ಕಪ್ಪು-ಕಂದು ಕೊಡುವ ಯುಮೆಲನಿನ್ ಬ್ಲೀಚಿನಲ್ಲಿ ಬೆರೆಸುವ ಪೆರಾಕ್ಸೈಡಿಗೆ ಬೇಗ ಸೋಲುತ್ತದೆ, ಕೆಂಪು-ಹಳದಿ ಕೊಡುವ ಫಿಯೊಮೆಲನಿನ್ ಹಟ ಹಿಡಿದು ನಿಲ್ಲುತ್ತದೆ. ಜೊತೆಗೆ ಅರ್ಧ ಒಡೆದ ಯುಮೆಲನಿನ್ ಕೂಡ ಬೆಚ್ಚನೆಯ ಬಣ್ಣವನ್ನೇ ತೋರುತ್ತದೆ. ಹೀಗಾಗಿ ಬ್ಲೀಚ್ ಹಚ್ಚಿದ ಕಪ್ಪು ಕೂದಲು ಮೊದಲು ಕಡುಗೆಂಪಾಗುತ್ತದೆ. 5ನೇ ಹಂತದಲ್ಲಿ ಕೆಂಪು-ಕಿತ್ತಳೆ, 6ರಲ್ಲಿ ಕಿತ್ತಳೆ, 7ರಲ್ಲಿ ಕಿತ್ತಳೆ-ಹಳದಿ, 8ರಲ್ಲಿ ಹಳದಿ. ಬಾಳೆಹಣ್ಣಿನ ಸಿಪ್ಪೆಯ ಒಳಬದಿಯಂಥ ಬಣ್ಣ ಬರಬೇಕಾದರೆ 10ಕ್ಕೆ ಹೋಗಬೇಕು.

ಕಿತ್ತಳೆಯನ್ನು ತಣಿಸಲು ನೀಲಿ, ಹಳದಿಯನ್ನು ತಣಿಸಲು ನೇರಳೆ, ಕೆಂಪನ್ನು ತಣಿಸಲು ಹಸಿರು ಬೇಕು. ಶೇಡಿನ ಹೆಸರಿನಲ್ಲಿ ಚುಕ್ಕೆಯ ಮುಂಚಿನ ಅಂಕಿ ಗಾಢತೆ, ನಂತರದ್ದು ಛಾಯೆ. ಬಹುತೇಕ ಕಂಪನಿಗಳಲ್ಲಿ .1 ಎಂದರೆ ನೀಲಿ ಪ್ರಧಾನವಾದ ಬೂದು. ಆದರೂ ಅಂಕಿಯ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಆಯಾ ಕಾರ್ಡನ್ನೇ ಓದಬೇಕು.

ಈಗ ಒಂದು ಲೆಕ್ಕ ಹಾಕೋಣ. ಹಿಂದೆ ಏನೂ ಹಚ್ಚದ 2ನೇ ಹಂತದ ಕೂದಲು, ಬೇಕಾದದ್ದು 7.1. ಅಂಗಡಿಯಿಂದ 7.1 ಕ್ರೀಮ್ ತಂದು 20 ವಾಲ್ಯೂಮ್, ಅಂದರೆ 6% ಪೆರಾಕ್ಸೈಡ್ ಡೆವಲಪರ್ ಬೆರೆಸಿ ಹಚ್ಚಿದರೆ ಕೂದಲು ಒಂದೆರಡು ಹಂತ ಮಾತ್ರ ಏರಿ 4ರ ಆಸುಪಾಸು ನಿಲ್ಲುತ್ತದೆ. ಅಲ್ಲಿ ಹೊರಬರುವ ಕೆಂಪಿಗೆ ಕ್ರೀಮಿನಲ್ಲಿರುವ ಅಷ್ಟು ನೀಲಿ ಏನೇನೂ ಸಾಲದು. ಬಿಸಿಲಿಗೆ ಹೋದಾಗ ಇಟ್ಟಿಗೆ ಬಣ್ಣ ಹೊಳೆಯುತ್ತದೆ.

ಬ್ಲೀಚ್ ಮಾಡಿಯೇ ಹೋಗುವುದಾದರೆ 30 ಗ್ರಾಂ ಪುಡಿಗೆ 60 ಮಿ.ಲೀ. 20 ವಾಲ್ಯೂಮ್ ಡೆವಲಪರ್ ಬೆರೆಸುವುದು ಸಾಮಾನ್ಯ ಅಳತೆ. ಡಬ್ಬಿಯ ಮೇಲೆ ಬೇರೆ ಇದ್ದರೆ ಅದನ್ನೇ ಪಾಲಿಸಿ. ನೆತ್ತಿಯ ಕಾವಿಗೆ ಬುಡ ಬೇಗ ತಿಳಿಯಾಗುವುದರಿಂದ ಎರಡು ಸೆಂ.ಮೀ. ಬಿಟ್ಟು ಮೊದಲು ಉದ್ದಕ್ಕೆ ಹಚ್ಚಿ, ಬುಡವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಬುಡ ಹಳದಿ, ತುದಿ ಕಿತ್ತಳೆ. ಐದೈದು ನಿಮಿಷಕ್ಕೊಮ್ಮೆ ಒಂದು ಎಳೆಯ ಬ್ಲೀಚ್ ಒರೆಸಿ, ಒಣಗಿಸಿ ನೋಡಬೇಕು, ಒದ್ದೆ ಕೂದಲು ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ.

ಇಲ್ಲಿಯೇ ಬಣ್ಣದ ಆಯ್ಕೆ ತಿರುಗುವುದು. ಪ್ಯಾಕಿನ ಗರಿಷ್ಠ ಸಮಯ ಮುಗಿದರೂ ಕೂದಲು 6ರ ಕಿತ್ತಳೆಯಲ್ಲೇ ನಿಂತಿದ್ದರೆ, ಬ್ಲೀಚ್ ತೊಳೆದ ಮೇಲೆ ಛಾಯೆ ತಣಿಸಲು ಹಚ್ಚುವ ಬಣ್ಣ, ಅಂದರೆ ಟೋನರ್, 7.1ರದ್ದಾದರೆ ಕೆಲಸಕ್ಕೆ ಬರುವುದಿಲ್ಲ. ಟೋನರ್ ಕೂದಲು ತಲುಪಿದ ಹಂತದಷ್ಟೇ ಗಾಢ, ಇಲ್ಲವೇ ಅದಕ್ಕಿಂತ ಒಂದು ಹಂತ ಹೆಚ್ಚು ಗಾಢ ಇರಬೇಕು. ಆದ್ದರಿಂದ 6.1 ಅಥವಾ 5.1, 10 ವಾಲ್ಯೂಮಿನ ಜೊತೆ. ಫಲಿತಾಂಶ ಮಧ್ಯಮ ಕಂದು, ನೋಡಲು ಚೆನ್ನಾಗಿಯೇ ಇರುತ್ತದೆ. ನೇರಳೆ ಶಾಂಪೂ ಈ ಕಿತ್ತಳೆಯನ್ನು ಮುಟ್ಟುವುದೂ ಇಲ್ಲ, ಅದು ಹಳದಿಗೆ. ಅದೇ 8ರ ಹಳದಿ ತಲುಪಿದ ಕೂದಲಿಗೆ ನೀಲಿ ಪ್ರಧಾನ ಬೂದು ಹಚ್ಚಿದರೆ ನೀಲಿ-ಹಳದಿ ಸೇರಿ ಪಾಚಿ ಹಸಿರು ಬರುವ ಅಪಾಯ ಇದೆ.

ರಾಯಚೂರಿನ ಬಿಸಿಲಿನಲ್ಲಿ ಓಡಾಡುವವರಿಗೆ ಬೂದು ಛಾಯೆಗಿಂತ ತಾಮ್ರ, ಮಹಾಗನಿ ಅಥವಾ ಹೊಂಗಂದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ತೊಳೆದಂತೆ, ಬಿಸಿಲಿಗೆ ಒಣಗಿದಂತೆ ಟೋನರ್ ಕಳಚುತ್ತದೆ, ಒಳಗಿನ ಕಿತ್ತಳೆ ಉಳಿಯುತ್ತದೆ. ಮೇಲಿನ ಬಣ್ಣವೂ ಬೆಚ್ಚನೆಯದೇ ಆಗಿದ್ದರೆ ಕಳಚಿದ್ದು ಎದ್ದು ಕಾಣುವುದಿಲ್ಲ. ಅದಕ್ಕೆ 5 ಅಥವಾ 6ನೇ ಹಂತದವರೆಗೆ ತಿಳಿ ಮಾಡಿದರೆ ಸಾಕಾಗುವುದರಿಂದ ಕೂದಲಿಗೂ ಪೆಟ್ಟು ಕಡಿಮೆ. ಬೂದೇ ಬೇಕೆಂದರೆ ಕೆಲವು ವಾರಕ್ಕೊಮ್ಮೆ ಟೋನರ್ ಹಚ್ಚಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೆಹಂದಿ ಹಚ್ಚಿದ ಕೂದಲಿನ ಕಥೆಯೇ ಬೇರೆ. ಶುದ್ಧ ಮೆಹಂದಿಯ ಕಿತ್ತಳೆ ಬ್ಲೀಚಿಗೆ ಸುಲಭವಾಗಿ ಬಗ್ಗುವುದಿಲ್ಲ. ಕೆಲವು ಪುಡಿಗಳಲ್ಲಿ ಲೋಹದ ಲವಣ ಬೆರೆತಿರುತ್ತದೆ, ಪೆರಾಕ್ಸೈಡ್ ತಾಗಿದರೆ ಅವು ಕಾವು ಎಬ್ಬಿಸಿ ಕೂದಲನ್ನೇ ಸುಡುತ್ತವೆ. ಬೋರ್‌ವೆಲ್ ನೀರಿನಿಂದ ಕೂದಲಿಗೆ ಅಂಟಿದ ಕಬ್ಬಿಣ, ತಾಮ್ರದ ಅಂಶವೂ ಸಣ್ಣ ಪ್ರಮಾಣದಲ್ಲಿ ಇದೇ ಕೆಲಸ ಮಾಡುತ್ತದೆ. ಬಾಚಣಿಗೆಯಲ್ಲಿ ಸಿಕ್ಕ ಒಂದಿಷ್ಟು ಕೂದಲನ್ನು ದಾರದಿಂದ ಕಟ್ಟಿ ಗಾಜಿನ ಬಟ್ಟಲಿನಲ್ಲಿ ಅದೇ ಬ್ಲೀಚ್ ಹಚ್ಚಿ ಅರ್ಧ ಗಂಟೆ ಕಾಯಿರಿ. ಮಿಶ್ರಣ ಬಿಸಿಯಾದರೆ, ವಿಚಿತ್ರ ವಾಸನೆ ಬಂದರೆ, ಅಥವಾ ಎಳೆ ರಬ್ಬರಿನಂತೆ ಹಿಗ್ಗಿ ತುಂಡಾದರೆ, ಮೆಹಂದಿ ಬೆಳೆದು ಕತ್ತರಿಸಿ ಹೋಗುವವರೆಗೆ ಆ ತಲೆಗೆ ಬ್ಲೀಚ್ ಬೇಡ.