ಅಡಿಕೆ ಸುಲಿಯುವ ಮಷಿನ್‌ಗೆ ಎರಡು ಭಾಷೆಯ ಜಾಹೀರಾತು

ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಶಿವಮೊಗ್ಗದ ವ್ಯಾಪಾರಿಯೊಬ್ಬರು ತಮ್ಮ ಗೂಗಲ್ ಜಾಹೀರಾತಿನ ಖಾತೆ ತೋರಿಸಿದರು. ಮಾರುವುದು ಅಡಿಕೆ ಸುಲಿಯುವ ಮಷಿನ್. ಭಾಷೆ ಕನ್ನಡ ಮಾತ್ರ, ಸ್ಥಳ ಶಿವಮೊಗ್ಗ ಜಿಲ್ಲೆ ಮಾತ್ರ. "ಸಾರ್, ನಮ್ಮ ಗಿರಾಕಿಗಳೆಲ್ಲ ಕನ್ನಡದವರೇ. ಆದ್ರೂ ಫೋನೇ ಬರ್ತಿಲ್ಲ" ಎಂದರು.

ತೊಂದರೆ ಇದ್ದದ್ದು ಆ 'ಕನ್ನಡ' ಎಂಬ ಆಯ್ಕೆಯಲ್ಲೇ. ಮನೆಯಲ್ಲಿ ಯಾವ ಮಾತು ಆಡುತ್ತೇವೆ ಎಂದು ಗೂಗಲ್ ಕೇಳುವುದಿಲ್ಲ. ಮೊಬೈಲಿನ ಸೆಟ್ಟಿಂಗ್, ಹುಡುಕುವ ಪದ, ನೋಡುವ ಪುಟ ಇವುಗಳಿಂದ ಅಂದಾಜು ಮಾಡುತ್ತದೆ. ತೀರ್ಥಹಳ್ಳಿಯ ತೋಟದವರು ದಿನವಿಡೀ ಕನ್ನಡ ಮಾತಾಡಿದರೂ ಅವರ ಮೊಬೈಲ್ ಇಂಗ್ಲಿಷಿನಲ್ಲೇ ಇರುತ್ತದೆ, ಅಲ್ವಾ? ಅಂಥವರು ಎಷ್ಟೋ ಸಲ ಲೆಕ್ಕದಿಂದ ಹೊರಗೆ ಉಳಿಯುತ್ತಾರೆ. ಹಾಗಾಗಿ ಆ ಜಾಹೀರಾತಿಗೆ ನಾನು ಕನ್ನಡ, ಇಂಗ್ಲಿಷ್ ಎರಡನ್ನೂ ಆರಿಸಿದೆ.

ಸ್ಥಳದ ಕಥೆ ಬೇರೆ. ಮಷಿನ್ ಬೇಕಾದವರು ಹೊಸನಗರದಲ್ಲಿ ಇರುತ್ತಾರೆ, ಹುಡುಕುವ ಮಗ ಬೆಂಗಳೂರಿನಲ್ಲಿ. ಆತ ಟೈಪ್ ಮಾಡುವುದು `arecanut dehusking machine shivamogga` ಅಂತ. ಅವನನ್ನು ಖಚಿತವಾಗಿ ಮುಟ್ಟಲು ಬೆಂಗಳೂರನ್ನೂ ಸೇರಿಸುವುದು ಒಳ್ಳೆಯದು. ಆದರೆ ಊರಿನಿಂದ ಭಾಷೆ ಗೊತ್ತಾಗುವುದಿಲ್ಲ. ಬೆಂಗಳೂರು ಎಂದರೆ ಇಂಗ್ಲಿಷ್, ಸಾಗರ ಎಂದರೆ ಕನ್ನಡ ಎಂದು ಹಂಚಿಬಿಟ್ಟರೆ ಎರಡೂ ಕಡೆ ತಪ್ಪುತ್ತೇವೆ.

ಗಿರಾಕಿಯ ಭಾಷೆ ಬಹಳ ಮಟ್ಟಿಗೆ ಗೊತ್ತಾಗುವುದು ಹುಡುಕಿದ ಪದದಲ್ಲಿ. ಅದಕ್ಕೇ ಕೀವರ್ಡ್‌ಗಳನ್ನು ಎರಡು ಗುಂಪು ಮಾಡಿದೆವು. ಇಂಗ್ಲಿಷ್ ಪದಗಳಿಗೆ ಇಂಗ್ಲಿಷ್ ಜಾಹೀರಾತು, ಇಂಗ್ಲಿಷ್ ಪುಟ. 'ಅಡಿಕೆ ಸುಲಿಯುವ ಯಂತ್ರ'ಕ್ಕೆ ಕನ್ನಡದ್ದು. `adike suliyuva machine` ಎಂದು ಟೈಪ್ ಮಾಡಿದವರನ್ನು ನಾನು ಕನ್ನಡ ಗುಂಪಿಗೇ ಹಾಕಿದೆ. ಅಕ್ಷರ ಇಂಗ್ಲಿಷಿನದಾದರೂ ಯೋಚನೆ ಕನ್ನಡದ್ದು.

ಗೂಗಲ್ ನಮ್ಮ ಜಾಹೀರಾತನ್ನು ಅನುವಾದ ಮಾಡಿ ಕೊಡುವುದಿಲ್ಲ. ನಾವೂ ಸುಮ್ನೆ ಅನುವಾದ ಮಾಡಬಾರದು. ತೋಟದವರ ಚಿಂತೆ ಆಳು ಸಿಗದ್ದು, ಕೊಯ್ದ ಹಸಿ ಅಡಿಕೆ ಅಂಗಳದಲ್ಲಿ ಉಳಿಯುವುದು. ಅವರಿಗೆ ಬರೆದ ಸಾಲು: 'ಆಳಿಗೆ ಕಾಯಬೇಡಿ, ಇಂದೇ ಸುಲಿಯಿರಿ'. ಮಗನಿಗೆ ಬೇಕಾದ್ದು ದರ, ವಿಡಿಯೊ, ಊರಿನ ಮನೆಗೆ ಮಷಿನ್ ತಲುಪಿಸುವ ಭರವಸೆ, ಕೆಟ್ಟರೆ ಅಪ್ಪನ ಮನೆಗೇ ಬಂದು ರಿಪೇರಿ ಮಾಡುವವರು. ಇಂಗ್ಲಿಷ್ ಜಾಹೀರಾತಿನಲ್ಲಿ ಇವನ್ನೇ ಹೇಳಿದೆವು.

ಗೂಗಲ್‌ನಲ್ಲಿ ಸ್ಥಳ, ದಿನದ ಬಜೆಟ್ ಇವು ಇಡೀ ಕ್ಯಾಂಪೇನ್‌ಗೆ ಸೇರಿದವು. ಕೀವರ್ಡ್, ಜಾಹೀರಾತು ಮಾತ್ರ ಅದರೊಳಗಿನ ಆ್ಯಡ್ ಗ್ರೂಪ್‌ಗೆ. ದಿನಕ್ಕೆ 300 ರೂಪಾಯಿ ಇದ್ದವರು ಎರಡು ಕ್ಯಾಂಪೇನ್ ಮಾಡಿದರೆ ಎರಡಕ್ಕೂ ಕ್ಲಿಕ್ ಸಾಲುವುದಿಲ್ಲ. ಒಂದೇ ಕ್ಯಾಂಪೇನ್‌ನಲ್ಲಿ ಎರಡು ಆ್ಯಡ್ ಗ್ರೂಪ್ ಸಾಕು. ಬೆಂಗಳೂರಿಗೆ ಬೇರೆ ದುಡ್ಡು ಇಡಬೇಕೆಂದಾಗ ಮಾತ್ರ ಕ್ಯಾಂಪೇನ್ ಒಡೆಯಿರಿ.

ಆಮೇಲೆ ವಾರಕ್ಕೊಮ್ಮೆ ಸರ್ಚ್ ಟರ್ಮ್ಸ್ ಪಟ್ಟಿ ತೆರೆಯಿರಿ. ಜನ ನಿಜವಾಗಿ ಟೈಪ್ ಮಾಡಿದ್ದು ಅಲ್ಲಿರುತ್ತದೆ. ಕನ್ನಡ ಗುಂಪಿನಲ್ಲಿ ಇಂಗ್ಲಿಷ್ ಹುಡುಕಾಟ ಜಾಸ್ತಿ ಕಂಡರೆ ಆ ಪದಗಳನ್ನು ಅಲ್ಲಿ ಜಾಹೀರಾತು ತೋರದಂತೆ ತಡೆಯುವ ನೆಗೆಟಿವ್ ಕೀವರ್ಡ್ ಆಗಿ ಹಾಕಿ. ನಮ್ಮ ಪಟ್ಟಿಯಲ್ಲಿ ಸಿಕ್ಕಿದ್ದು `adike rate today`. ದರ ನೋಡಲು ಬಂದವರ ಕ್ಲಿಕ್ಕಿಗೆ ವ್ಯಾಪಾರಿ ದುಡ್ಡು ಕೊಡುತ್ತಿದ್ದರು. ಅದನ್ನು ಅವತ್ತೇ ತಡೆದೆವು.